ಹಲ್ಲಿಗೆ ಹಲ್ಲು ತಾಗದಿರಲಿ

ಎರಡೂ ತೋರುಬೆರಳುಗಳ ತುದಿಯನ್ನು ಕಿವಿಯ ತೂತಿನ ಮುಂದೆ, ಅರ್ಧ ಬೆರಳಿನಷ್ಟು ದೂರದಲ್ಲಿ ಮೆಲ್ಲಗೆ ಇಟ್ಟುಕೊಂಡು ಬಾಯಿ ತೆರೆದು ನೋಡಿ. ಚರ್ಮದ ಕೆಳಗೆ ಗುಂಡಗಿನದೇನೋ ಮೊದಲು ಇದ್ದಲ್ಲೇ ತಿರುಗುತ್ತದೆ, ಬಾಯಿ ಇನ್ನಷ್ಟು ತೆರೆದಾಗ ಮುಂದಕ್ಕೆ ಜಾರುತ್ತದೆ. ಕೆಳದವಡೆಯ ಮೂಳೆಯ ತುದಿ ಅದು. ಆ ಜಾರುವ ಹೊತ್ತಿಗೆ ಕೆಲವರ ಬೆರಳಿಗೆ ಒಂದು ಸಣ್ಣ ಹೊಡೆತ ತಗಲುತ್ತದೆ, ಕಿವಿಯಲ್ಲಿ ‘ಟಕ್’ ಎಂದು ಕೇಳುತ್ತದೆ. ಪಕ್ಕದಲ್ಲಿ ಕೂತು ಊಟ ಮಾಡುವವರಿಗೂ ಕೇಳುವಷ್ಟು ಜೋರಾಗಿ ಸದ್ದು ಮಾಡುವ ದವಡೆಗಳೂ ಉಂಟು.

ಈ ಸದ್ದಿಗೆ ಹೆದರಿ ವೈದ್ಯರ ಬಳಿ ಓಡುವವರು ಬಹಳ. ಸದ್ದಿಲ್ಲದೆ ಕೆನ್ನೆ, ಕಿವಿ, ಕಣತಲೆ ನೋಯಿಸಿಕೊಂಡು ವರ್ಷಗಟ್ಟಲೆ ಸುಮ್ಮನಿರುವವರು ಇನ್ನೂ ಬಹಳ. ಭಯಪಡಬೇಕಾದದ್ದು ಸದ್ದಿಗಲ್ಲ, ಗಮನ ಕೊಡಬೇಕಾದದ್ದು ನೋವಿಗೆ. ಆ ನೋವಿನ ಹಿಂದೆ ಬಹಳ ಸಲ ಇರುವುದು ನಮಗೇ ಗೊತ್ತಿಲ್ಲದಂತೆ ನಡೆಯುವ ಒಂದು ಅಭ್ಯಾಸ: ಊಟವಿಲ್ಲದ ಹೊತ್ತಿನಲ್ಲೂ ಹಲ್ಲು ಕಚ್ಚಿಕೊಂಡಿರುವುದು.

ಮೊದಲು ಸದ್ದಿನ ವಿಷಯ. ದವಡೆಯ ಕೀಲು ಮೊಣಕೈ ಕೀಲಿನಂತೆ ಬರೀ ಮಡಚಿ ಬಿಡಿಸುವ ಕೀಲಲ್ಲ. ಬಾಯಿ ಎರಡು ಬೆರಳಗಲ ತೆರೆಯುವವರೆಗೂ ಮೂಳೆಯ ತುದಿ ತನ್ನ ಗುಳಿಯೊಳಗೇ ತಿರುಗುತ್ತದೆ. ಅದಕ್ಕಿಂತ ಹೆಚ್ಚು ತೆರೆಯಬೇಕಾದರೆ ಆ ಗುಳಿಯನ್ನು ಬಿಟ್ಟು, ಮುಂದಿರುವ ಮೂಳೆಯ ಉಬ್ಬಿನ ಇಳಿಜಾರಿನಲ್ಲಿ ಜಾರಿ ಬರಬೇಕು. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಗಟ್ಟಿ ನಾರಿನ ಒಂದು ಪುಟ್ಟ ಬಿಲ್ಲೆ ಇದೆ. ನಡುವೆ ತೆಳುವಾಗಿ, ಅಂಚಿನಲ್ಲಿ ದಪ್ಪವಾಗಿರುವ ಈ ಬಿಲ್ಲೆ ಮೂಳೆಯ ತುದಿಯ ಮೇಲೆ ಕೂತು ಅದರ ಜೊತೆಗೇ ಹಿಂದೆ ಮುಂದೆ ಓಡಾಡುತ್ತದೆ.

ಬಿಲ್ಲೆಯನ್ನು ಹಿಡಿದಿಟ್ಟ ಕಟ್ಟುಗಳು ಸಡಿಲವಾದರೆ ಅದು ತನ್ನ ಜಾಗ ಬಿಟ್ಟು ತುಸು ಮುಂದಕ್ಕೆ ಸರಿಯುತ್ತದೆ. ಬಾಯಿ ತೆರೆಯುವಾಗ ಮೂಳೆಯ ತುದಿ ಬಿಲ್ಲೆಯ ದಪ್ಪ ಅಂಚನ್ನು ದಾಟಿ ಅದರ ಕೆಳಗೆ ಸೇರಿಕೊಳ್ಳಬೇಕಾಗುತ್ತದೆ. ದಾಟಿದ ಆ ಕ್ಷಣದ ಸದ್ದೇ ‘ಟಕ್’. ಬಾಯಿ ಮುಚ್ಚುತ್ತಾ ಹಲ್ಲು ಕೂಡುವ ಹೊತ್ತಿಗೆ ಬಿಲ್ಲೆ ಮತ್ತೆ ಜಾರಿ ಮುಂದಕ್ಕೆ ಹೋಗುತ್ತದೆ, ಆಗ ಮೊದಲಿಗಿಂತ ಸಣ್ಣದೊಂದು ಸದ್ದು ಬರುವುದೂ ಉಂಟು. ನೋವಿಲ್ಲದೆ ಬರೀ ಹೀಗೆ ಸದ್ದು ಮಾಡುವ ದವಡೆಗಳು ಜನರಲ್ಲಿ ತೀರಾ ಸಾಮಾನ್ಯ. ಅವುಗಳಲ್ಲಿ ಹೆಚ್ಚಿನವು ಜೀವಮಾನವಿಡೀ ಸದ್ದು ಮಾಡುತ್ತಲೇ ಇರುತ್ತವೆ, ಬೇರೇನೂ ಆಗುವುದಿಲ್ಲ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಎಂದಾದರೆ ಸದ್ದಿಗೆಂದೇ ಚಿಕಿತ್ಸೆ ಬೇಡ ಎನ್ನುವ ವಿಷಯದಲ್ಲಿ ಈಗ ತಜ್ಞರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಲು ದಿನಕ್ಕೆ ಹತ್ತು ಸಲ ದವಡೆಯನ್ನು ಅಗಲಿಸಿ ನೋಡುವ ಚಾಳಿ ಮಾತ್ರ ಕೀಲಿಗೆ ನಿಜವಾದ ಹಿಂಸೆ.

ಮರಳು ತುಳಿದಂತೆ ‘ಕರಕರ’ ಎನ್ನುವ ಸದ್ದು ಬೇರೆ ಬಗೆಯದು. ಅದು ಕೀಲಿನ ಮೇಲ್ಮೈ ಸವೆದಿರುವುದರ ಸೂಚನೆಯಾಗಿರಬಹುದು, ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುತ್ತದೆ. ಅಲ್ಲೂ ನೋವಿದೆಯೇ, ಬಾಯಿ ತೆರೆಯಲು ತೊಂದರೆಯಿದೆಯೇ ಎಂಬುದೇ ಮುಖ್ಯ.

ನೋವಿನ ಕತೆ ಶುರುವಾಗುವುದು ಹೆಚ್ಚಾಗಿ ಸ್ನಾಯುಗಳಿಂದ. ಕೆನ್ನೆಯ ಮೂಳೆಯಿಂದ ಕೆಳದವಡೆಯ ಮೂಲೆಯವರೆಗೆ ಇಳಿಯುವ ದಪ್ಪ ಸ್ನಾಯುವಿಗೆ ಮ್ಯಾಸೆಟರ್ ಎಂದು ಹೆಸರು. ಕೆನ್ನೆಯ ಹಿಂಭಾಗಕ್ಕೆ ಕೈಯಿಟ್ಟು ಹಲ್ಲು ಕಚ್ಚಿದರೆ ಅಂಗೈ ಕೆಳಗೆ ಗಡ್ಡೆಯಂತೆ ಎದ್ದು ನಿಲ್ಲುವುದು ಅದೇ. ಕಣತಲೆಯ ಮೇಲೆ ಹರಡಿಕೊಂಡಿರುವ ಇನ್ನೊಂದು ಸ್ನಾಯು ಅದರ ಜೊತೆಗಾರ. ಕಬ್ಬು ಸಿಗಿಯುವಷ್ಟು ಬಲವಿರುವ ಈ ಸ್ನಾಯುಗಳು ಜೋರಾಗಿ ಅಗಿಯಲು ಮಾಡಿದವೇ ಹೊರತು, ಗಂಟೆಗಟ್ಟಲೆ ಸಣ್ಣಗೆ ಬಿಗಿ ಹಿಡಿದಿರಲು ಮಾಡಿದವಲ್ಲ. ಮುಷ್ಟಿಯನ್ನು ಜೋರಾಗಿ ಅಲ್ಲದಿದ್ದರೂ ಬೆಳಗಿನಿಂದ ಸಂಜೆಯವರೆಗೆ ಬಿಡದೆ ಕಟ್ಟಿಕೊಂಡಿದ್ದರೆ ಮೊಣಕೈವರೆಗೆ ನೋವು ಹತ್ತುತ್ತದೆ. ದವಡೆಯಲ್ಲಿ ನಡೆಯುವುದೂ ಅದೇ.

ವಿಶ್ರಾಂತಿಯಲ್ಲಿರುವ ಬಾಯಿ ಹೇಗಿರಬೇಕು? ತುಟಿ ಮುಚ್ಚಿರುತ್ತದೆ, ಆದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುತ್ತದೆ. ಅಗಿಯುವಾಗ, ನುಂಗುವಾಗ ಹಲ್ಲಿಗೆ ಹಲ್ಲು ತಾಗುವ ಹೊತ್ತನ್ನೆಲ್ಲ ಕೂಡಿಸಿದರೂ ಇಡೀ ದಿನಕ್ಕೆ 20 ನಿಮಿಷದ ಆಸುಪಾಸು ಎಂದು ಹಳೆಯ ಅಳತೆಗಳು ಹೇಳುತ್ತವೆ. ಹಲ್ಲುಗಳು ಒಂದಕ್ಕೊಂದು ಕೂಡಿಕೊಂಡಿರುವುದೇ ಬಾಯಿಯ ಸಹಜ ಸ್ಥಿತಿ ಎಂದು ಬಹಳ ಜನ ನಂಬಿದ್ದಾರೆ. ಕಂಪ್ಯೂಟರ್ ಮುಂದೆ, ಸ್ಕೂಟರ್ ಮೇಲೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ, ತರಕಾರಿ ಹೆಚ್ಚುವಾಗ ಅವರ ಹಲ್ಲುಗಳು ಕೂಡಿಕೊಂಡೇ ಇರುತ್ತವೆ. ಎಂಟು ಗಂಟೆ ಕೆಲಸದಲ್ಲಿ ಎರಡು ಗಂಟೆ ಹೀಗಾದರೂ ದಿನದ ಲೆಕ್ಕ ಎಷ್ಟೋ ಪಟ್ಟು ಮೀರುತ್ತದೆ. ಕೀಲಿನ ಬಿಲ್ಲೆಯ ಮೇಲೂ ಆ ಒತ್ತಡ ಬೀಳುತ್ತದೆ. ಒತ್ತಿ ಹಿಡಿದ ಕೀಲು ಸರಾಗವಾಗಿ ಜಾರುವುದಿಲ್ಲ.

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದು ಇದಕ್ಕಿಂತ ಬೇರೆಯೇ ಸಂಗತಿ. ಅದು ನಿದ್ದೆಯ ಮಧ್ಯೆ ಮಿದುಳು ಅರೆ ಎಚ್ಚರಗೊಳ್ಳುವ ಕ್ಷಣಗಳಿಗೆ ಅಂಟಿಕೊಂಡು ಬರುತ್ತದೆ, ಇಚ್ಛಾಶಕ್ತಿಯಿಂದ ನಿಲ್ಲಿಸಲು ಬರುವುದಿಲ್ಲ. ಎರಡನ್ನೂ ಬೇರೆ ಮಾಡಲು ಒಂದು ಸುಲಭದ ಸುಳಿವು ಇದೆ. ಬೆಳಿಗ್ಗೆ ಏಳುವಾಗಲೇ ಕೆನ್ನೆ ಬಿಗಿದು, ತಿಂಡಿಯ ಹೊತ್ತಿಗೆ ಸಡಿಲವಾಗುತ್ತಿದ್ದರೆ ರಾತ್ರಿಯ ಕಡಿತದ ಮೇಲೆ ಅನುಮಾನ. ಬೆಳಿಗ್ಗೆ ಹಾಯಾಗಿದ್ದು ಸಂಜೆ ಹೊತ್ತಿಗೆ ನೋವು ಏರುತ್ತಿದ್ದರೆ ಹಗಲಿನ ಕಚ್ಚುವಿಕೆಯ ಮೇಲೆ. ಎರಡೂ ಇರುವವರೂ ಇದ್ದಾರೆ.

ಈ ತೊಂದರೆ ಹೇಗೆ ಬೆಳೆಯುತ್ತದೆ, ಹೇಗೆ ಇಳಿಯುತ್ತದೆ ಎಂದು ತಿಳಿಯಲು, ದಂತವೈದ್ಯರ ಕೋಣೆಯಲ್ಲಿ ಮತ್ತೆ ಮತ್ತೆ ಕಾಣುವ ಹಲವು ರೋಗಿಗಳನ್ನು ಸೇರಿಸಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ತೆರಿಗೆ ಲೆಕ್ಕ ಬರೆಯುವ ಕಚೇರಿಯೊಂದರಲ್ಲಿ ಕೆಲಸ ಮಾಡುವ ಮೂವತ್ತನಾಲ್ಕರ ಹೆಣ್ಣುಮಗಳು. ಈ ನೋವಿಗೆ ವೈದ್ಯರ ಬಳಿ ಬರುವವರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು, ವಯಸ್ಸು ಬಹುಪಾಲು 20ರಿಂದ 40ರ ನಡುವೆ. ಆಕೆಯ ಬಲದವಡೆ ಕಾಲೇಜಿನ ದಿನಗಳಿಂದಲೂ ‘ಟಕ್’ ಎನ್ನುತ್ತಿತ್ತು, ಆಕೆ ತಲೆ ಕೆಡಿಸಿಕೊಂಡಿರಲಿಲ್ಲ. ಮಾರ್ಚ್ ಬಂತು, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ತಿಂಗಳ ಕೊನೆಗೆ ಬಲಗಿವಿಯಲ್ಲಿ ನೋವು. ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟು ನಾಲ್ಕು ಸಲ ಅಗಿಯುವಷ್ಟರಲ್ಲಿ ಕೆನ್ನೆ ಸೋತು ಬರುತ್ತಿತ್ತು.

ಕಿವಿ ವೈದ್ಯರು ನೋಡಿ ಕಿವಿ ಚೊಕ್ಕಟವಾಗಿದೆ ಎಂದರು. ಮ್ಯಾಸೆಟರ್‌ನ ನೋವು ಕಿವಿಯೊಳಗೆ, ಹಿಂಬದಿಯ ದವಡೆಹಲ್ಲುಗಳಲ್ಲಿ, ಹುಬ್ಬಿನ ಮೇಲೆ ಎದ್ದಂತೆ ಅನ್ನಿಸುವುದು ಇದೆ. ಹಾಗಾಗಿ ಜನ ಕಿವಿಗೆ ಹನಿ ಹಾಕಿಸಿಕೊಳ್ಳುತ್ತಾರೆ, ಕೆಲವೊಮ್ಮೆ ತಪ್ಪೇ ಮಾಡದ ಹಲ್ಲಿಗೆ ರೂಟ್ ಕೆನಾಲ್ ಆಗಿಬಿಡುತ್ತದೆ. ತಣ್ಣೀರು ತಾಗಿದಾಗ ಒಂದೇ ಹಲ್ಲು ಜುಂ ಎನ್ನುತ್ತಿದ್ದರೆ, ತಟ್ಟಿದಾಗ ಅದೇ ಹಲ್ಲು ನೋಯುತ್ತಿದ್ದರೆ ಅದು ಹಲ್ಲಿನ ದೋಷ. ಇಂಥದೇ ಹಲ್ಲು ಎಂದು ಬೆರಳಿಟ್ಟು ತೋರಿಸಲಾಗದೆ ಇಡೀ ಅಂಗೈಯನ್ನು ಕೆನ್ನೆಗೆ ಒತ್ತಿ ‘ಇಲ್ಲೆಲ್ಲಾ’ ಎನ್ನುವವರಲ್ಲಿ ಸ್ನಾಯುವನ್ನು ಮೊದಲು ಪರೀಕ್ಷಿಸಬೇಕು.

ದಂತವೈದ್ಯೆ ಮಾಡಿದ್ದು ಸರಳ ಪರೀಕ್ಷೆ. ಬಾಯಿ ತೆರೆಸಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ಅಂಚಿನ ನಡುವೆ ಅಳತೆಪಟ್ಟಿ ಇಟ್ಟರು. ನೋವಾಗದಂತೆ 34 ಮಿಲಿಮೀಟರ್ ತೆರೆಯಿತು, ಬೆರಳಿನಿಂದ ಮೆಲ್ಲಗೆ ಒತ್ತಿದಾಗ 43. ದೊಡ್ಡವರ ಬಾಯಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ, ಅಂದರೆ ಅವರವರ ಮೂರು ಬೆರಳು ಅಡ್ಡಡ್ಡ ಹಿಡಿಸುವಷ್ಟು. ಒತ್ತಿದಾಗ ತೆರೆದುಕೊಂಡಿತು ಎಂದರೆ ಕೀಲಿಗೆ ಬೀಗ ಬಿದ್ದಿಲ್ಲ, ನೋವಿನ ಅಂಜಿಕೆಗೆ ಸ್ನಾಯು ಬಿಡುತ್ತಿಲ್ಲ ಎಂದರ್ಥ. ಆಮೇಲೆ ಕಿವಿಯ ಮುಂದೆ ಕೀಲನ್ನು ಒತ್ತಿದರು, ಅಷ್ಟೇನೂ ನೋಯಲಿಲ್ಲ. ಕೆನ್ನೆಯ ಸ್ನಾಯುವಿನ ನಡುವೆ ಬೆರಳೂರಿ ಐದು ಸೆಕೆಂಡ್ ಹಿಡಿದಾಗ ಆಕೆ ಹೌಹಾರಿದರು. ಮುಟ್ಟಿದರೆ ನೋಯುವುದಷ್ಟೇ ಸಾಲದು, ರೋಗಿ ಹೇಳಿಕೊಂಡು ಬಂದ ಅದೇ ನೋವು ಮರಳಿ ಬರಬೇಕು. ಇಲ್ಲಿ ಅದೇ ನೋವು, ಅದೇ ಕಿವಿಯೊಳಗೆ, ಬಂತು. ನಾಲಿಗೆಯ ಅಂಚಿನಲ್ಲಿ ಹಲ್ಲುಗಳ ಅಚ್ಚು ಬಿದ್ದಿತ್ತು, ಕೆನ್ನೆಯ ಒಳಭಾಗದಲ್ಲಿ ಹಲ್ಲು ಕೂಡುವ ಸಾಲಿಗೆ ಬಿಳಿ ಗೆರೆ ಎದ್ದಿತ್ತು. ಇವೆರಡೂ ಕಚ್ಚುವ ಅಭ್ಯಾಸದ ಖಾತ್ರಿ ಸಾಕ್ಷಿಗಳಲ್ಲ, ಅನುಮಾನಕ್ಕೆ ಬಲ ಕೊಡುವ ಗುರುತುಗಳು.

“ಈಗ ಮಾತಾಡೂದು ಬಿಟ್ಟು ಸುಮ್ಕ ಕುಂಡ್ರಿ. ಮ್ಯಾಲಿನ ಹಲ್ಲು ಕೆಳಗಿನ ಹಲ್ಲಿಗೆ ಹತ್ಯಾವೇನ್ರಿ?”

“ಹೂನ್ರಿ, ಹತ್ಯಾವ. ಹತ್ತಬೇಕಲ್ರಿ ಮತ್ತ?”

ಇಡೀ ಚಿಕಿತ್ಸೆಗೆ ದಾರಿ ಸಿಕ್ಕಿದ್ದು ಈ ಉತ್ತರದಲ್ಲಿ. ಎಕ್ಸ್‌ರೇ ತೆಗೆದದ್ದು ಹಲ್ಲು ಮತ್ತು ಮೂಳೆಯಲ್ಲಿ ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ. ನಾರಿನ ಬಿಲ್ಲೆ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ, ಅದಕ್ಕೆ ಎಂಆರ್‌ಐ ಬೇಕು. ಆದರೆ ಏನೂ ನೋವಿಲ್ಲದವರ ಎಂಆರ್‌ಐಯಲ್ಲೂ ಎಷ್ಟೋ ಸಲ ಬಿಲ್ಲೆ ಸರಿದಿರುವುದು ಕಾಣುವುದರಿಂದ, ಮೊದಲ ಭೇಟಿಯಲ್ಲೇ ಅದಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಮೊದಲ ಮದ್ದು ಬಾಯಿಯ ಹೊಸ ಭಂಗಿ. ‘ನ’ ಎಂದು ಹೇಳಿ ಅಲ್ಲೇ ನಿಲ್ಲಿಸಿ. ನಾಲಿಗೆಯ ತುದಿ ಮೇಲಿನ ಮುಂಭಾಗದ ಹಲ್ಲುಗಳ ಹಿಂದಿನ ಉಬ್ಬಿಗೆ ತಾಗಿರುತ್ತದೆ, ಹಲ್ಲುಗಳು ಬಿಟ್ಟುಕೊಂಡಿರುತ್ತವೆ. ನಾಲಿಗೆಯನ್ನು ಅಲ್ಲೇ ಹಗುರವಾಗಿ ಇಟ್ಟುಕೊಂಡು ತುಟಿ ಮುಚ್ಚಿ ಮೂಗಿನಲ್ಲಿ ಉಸಿರಾಡಬೇಕು. ಹಲ್ಲುಗಳನ್ನು ಬಲವಂತದಿಂದ ಬೇರೆ ಹಿಡಿಯುವುದಲ್ಲ, ಕೆಳದವಡೆಯನ್ನು ತನ್ನ ಭಾರಕ್ಕೆ ತಾನು ಇಳಿಯಬಿಡುವುದು. ಹೇಳುವುದಕ್ಕೆ ಇಷ್ಟೇ. ಕಷ್ಟ ಇರುವುದು ನೆನಪಿನಲ್ಲಿಟ್ಟುಕೊಳ್ಳುವುದರಲ್ಲಿ, ಏಕೆಂದರೆ ಕೆಲಸದಲ್ಲಿ ಮುಳುಗಿದಾಗಲೇ ಹಲ್ಲು ಕೂಡುತ್ತದೆ, ಮುಳುಗಿದವರಿಗೆ ಹಲ್ಲಿನ ನೆನಪು ಬರುವುದಿಲ್ಲ. ಅದಕ್ಕೆಂದೇ ಬಣ್ಣದ ಚಿಕ್ಕ ಸ್ಟಿಕರ್‌ಗಳು. ಕಂಪ್ಯೂಟರ್ ಪರದೆಯ ಮೂಲೆಗೊಂದು, ಫೋನಿನ ಹಿಂಬದಿಗೊಂದು, ಸ್ಕೂಟರಿನ ಕನ್ನಡಿಗೊಂದು, ಅಡುಗೆಮನೆಯ ಒಗ್ಗರಣೆ ಡಬ್ಬಿಯ ಮುಚ್ಚಳಕ್ಕೊಂದು. ಕಣ್ಣು ಅದರ ಮೇಲೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ: ಹಲ್ಲು ಕೂಡಿವೆಯೇ? ಕೂಡಿದ್ದರೆ ಭುಜ ಇಳಿಸಿ, ಉದ್ದನೆಯ ಉಸಿರು ಬಿಟ್ಟು, ದವಡೆ ಸಡಿಲಿಸುವುದು. ಮೊದಲ ವಾರ ದಿನಕ್ಕೆ ಎಷ್ಟೋ ಸಲ ಸಿಕ್ಕಿಬೀಳುತ್ತಾರೆ. ಅದು ಸೋಲಲ್ಲ, ಕಾಣದಿದ್ದ ಅಭ್ಯಾಸ ಕಾಣತೊಡಗಿತು ಎಂದರ್ಥ. ಒಂದೆರಡು ವಾರಕ್ಕೆ ಸ್ಟಿಕರ್ ಕಣ್ಣಿಗೆ ರೂಢಿಯಾಗಿ ಕಾಣದಂತಾಗುತ್ತದೆ, ಆಗ ಬಣ್ಣ ಮತ್ತು ಜಾಗ ಬದಲಿಸಬೇಕು.

ನಮ್ಮ ಹೆಣ್ಣುಮಗಳಿಗೆ ಮೂರನೆಯ ದಿನಕ್ಕೇ ತಿಳಿದದ್ದೆಂದರೆ, ಹಲ್ಲು ಕೂಡುವುದು ಗ್ರಾಹಕರ ಜೊತೆ ಜಗಳವಾಡುವಾಗ ಅಲ್ಲ. ಒಬ್ಬರೇ ಕೂತು ಅಂಕಿ ತಾಳೆ ನೋಡುವಾಗ. ಸಿಟ್ಟಿನಿಂದಲೇ ಹಲ್ಲು ಕಚ್ಚುತ್ತಾರೆ ಎಂದು ಜನ ಭಾವಿಸುತ್ತಾರೆ. ಚಿಂತೆ, ಒತ್ತಡ ನೋವನ್ನು ಹೆಚ್ಚಿಸುವುದು ನಿಜವೇ, ಆದರೆ ಬರೀ ಏಕಾಗ್ರತೆಯೂ ಅಷ್ಟೇ ಕಚ್ಚಿಸುತ್ತದೆ.

ಎರಡನೆಯದು ಊಟ. ನೋವು ಜೋರಿರುವ ಹತ್ತು ಹದಿನೈದು ದಿನ ದವಡೆಗೆ ಅರ್ಧ ರಜೆ ಕೊಡಬೇಕು, ಪೂರ್ತಿ ರಜೆಯಲ್ಲ. ಕನ್ನಡಿಗರ ಅಡುಗೆ ಇದಕ್ಕೆ ಬಹಳ ಒಗ್ಗುತ್ತದೆ. ಅಗಿಯದೇ ನುಂಗುವ ರಾಗಿಮುದ್ದೆ, ಬಿಸಿಬೇಳೆಬಾತ್, ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಬೇಯಿಸಿದ ತರಕಾರಿ ಯಾವುದಾದರೂ ಸರಿ. ರೊಟ್ಟಿಯಿಲ್ಲದೆ ಊಟ ಸೇರದವರು ಖಡಕ್ ರೊಟ್ಟಿ ಬಿಟ್ಟು ಬಿಸಿ ಮೆತ್ತನೆಯ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬಹುದು. ಬಿಡಬೇಕಾದವು ಚಕ್ಕುಲಿ, ಹುರಿಗಡಲೆ, ಕಬ್ಬು, ಗಟ್ಟಿ ಸೀಬೆಕಾಯಿ, ನಾರು ಮಾಂಸ, ಚ್ಯೂಯಿಂಗ್ ಗಮ್. ಸೇಬನ್ನು ಇಡಿಯಾಗಿ ಕಚ್ಚದೆ ಹೆಚ್ಚಿಕೊಂಡು, ಎರಡೂ ಬದಿಯಲ್ಲಿ ಅಗಿದು ತಿನ್ನಬೇಕು. ಒಂದೇ ಬದಿಯನ್ನು ‘ಕಾಪಾಡುತ್ತ’ ತಿಂಗಳುಗಟ್ಟಲೆ ಇನ್ನೊಂದು ಬದಿಯಲ್ಲೇ ಅಗಿಯುವುದರಿಂದ ಆ ಬದಿಯೂ ನೋಯತೊಡಗುತ್ತದೆ. ನೋವಿಳಿದ ಮೇಲೂ ಗಂಜಿಗೇ ಅಂಟಿಕೊಂಡರೆ ಸ್ನಾಯು ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಎರಡು ವಾರದ ಮೇಲೆ ಹಂತ ಹಂತವಾಗಿ ಎಂದಿನ ಊಟಕ್ಕೆ ಮರಳಬೇಕು.

ಮೂರನೆಯದು ಶಾಖ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕೆನ್ನೆಯಿಂದ ಕಣತಲೆಯವರೆಗೆ ಹಿತವಾಗುವಷ್ಟೇ ಬಿಸಿಯಲ್ಲಿ 15 ನಿಮಿಷ ಇಡಬೇಕು, ಆರಿದಂತೆ ಮತ್ತೆ ಅದ್ದಬೇಕು. ದಿನಕ್ಕೆ ಎರಡು ಸಲ ಸಾಕು. ಶಾಖದ ಮೇಲೆ ಕೆನ್ನೆಯ ಸ್ನಾಯುವನ್ನು ಎರಡು ಬೆರಳಿನಿಂದ ಸುತ್ತು ಸುತ್ತಾಗಿ, ನೋವು ಹೆಚ್ಚಾಗದಂತೆ, ಒಂದೆರಡು ನಿಮಿಷ ತಿಕ್ಕುವುದು ಒಳ್ಳೆಯದು. ಆಗ ಹಲ್ಲು ಬಿಟ್ಟಿರಬೇಕು, ಕಚ್ಚಿ ಹಿಡಿದ ಸ್ನಾಯುವನ್ನು ತಿಕ್ಕಿದರೆ ಪ್ರಯೋಜನವಿಲ್ಲ. ಪೆಟ್ಟು ಬಿದ್ದು ಊದಿಕೊಂಡಿದ್ದರೆ ಮಾತ್ರ ಮೊದಲ ಎರಡು ದಿನ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬೇಕು. ನೋವಿನ ಮಾತ್ರೆ ಬೇಕಾದರೆ ಕೆಲವು ದಿನಕ್ಕೆ ಮಾತ್ರ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಬಿ.ಪಿ. ಇರುವವರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗಬಾರದು.

ನೋವು ತುಸು ಇಳಿದ ಮೇಲೆ ವ್ಯಾಯಾಮ. ಚಿಲಿ ದೇಶದ ಮರಿಯಾನೊ ರೊಕಾಬಾಡೊ ಎಂಬ ಫಿಸಿಯೋಥೆರಪಿಸ್ಟ್ ರೂಪಿಸಿದ ಸರಣಿಯ ತಿರುಳು ಇದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು, ನಾಲಿಗೆ ಕಳಚಿಕೊಳ್ಳದ ಮಟ್ಟಿಗೆ ಮಾತ್ರ ಬಾಯಿ ತೆರೆಯುವುದು. ಹೀಗೆ ತೆರೆದಾಗ ಕೀಲು ತಿರುಗುವ ಹಂತದಲ್ಲೇ ನಿಲ್ಲುತ್ತದೆ, ಬಿಲ್ಲೆಯನ್ನು ದಾಟಿ ಸದ್ದು ಮಾಡುವಷ್ಟು ಮುಂದೆ ಹೋಗುವುದಿಲ್ಲ. ಕನ್ನಡಿಯ ಮುಂದೆ ನಿಂತು, ದವಡೆ ಪಕ್ಕಕ್ಕೆ ವಾಲದೆ ನೇರವಾಗಿ ಇಳಿಯುತ್ತಿದೆಯೇ ಎಂದು ನೋಡುತ್ತ ಒಂದು ಸಲಕ್ಕೆ ಆರು ಬಾರಿ, ದಿನಕ್ಕೆ ಆರು ಸಲ. ಒಂದು ಸಲಕ್ಕೆ ಒಂದು ನಿಮಿಷವೂ ಬೇಡ. ಮಾಡಿದ ಮೇಲೆ ಅರ್ಧ ಗಂಟೆ ನೋವು ಉಳಿಯುತ್ತಿದ್ದರೆ ಹೆಚ್ಚಾಯಿತು ಎಂದು ತಿಳಿದು ಕಡಿಮೆ ಮಾಡಬೇಕು. ಆಕಳಿಕೆ ಬಂದಾಗಲೂ ಇದೇ ಉಪಾಯ: ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿದರೆ, ಇಲ್ಲವೇ ಗಲ್ಲದ ಕೆಳಗೆ ಮುಷ್ಟಿ ಕೊಟ್ಟರೆ ಬಾಯಿ ಮಿತಿಮೀರಿ ತೆರೆಯುವುದಿಲ್ಲ. ಗಲ್ಲಕ್ಕೆ ಕೈಕೊಟ್ಟು ಓದುವುದು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ ಮಾತಾಡುವುದು, ಉಗುರು ಮತ್ತು ಪೆನ್ನು ಕಚ್ಚುವುದು, ಬೋರಲು ಮಲಗುವುದು ಇವನ್ನೂ ಬಿಡಬೇಕು.

ಇಷ್ಟೆಲ್ಲ ಮಾಡಿದಾಗ ಏನಾಗುತ್ತದೆ? ಕಲ್ಪಿತ ರೋಗಿಯ ಲೆಕ್ಕ ಬಹುಪಾಲು ಜನರ ಅನುಭವಕ್ಕೆ ಹತ್ತಿರ. ಮೊದಲ ವಾರ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಮೂರನೆಯ ವಾರಕ್ಕೆ ಸಂಜೆಯ ನೋವು ತಡವಾಗಿ ಬರುತ್ತದೆ, ಬಂದರೂ ಬೇಗ ಇಳಿಯುತ್ತದೆ. ಆರನೆಯ ವಾರದ ಅಳತೆಯಲ್ಲಿ ನೋವಿಲ್ಲದೆ 42 ಮಿಲಿಮೀಟರ್. ಎರಡು ಮೂರು ತಿಂಗಳಿಗೆ ಚಪಾತಿ, ಚಿಕನ್ ಎಲ್ಲ ತಿನ್ನಲು ಬರುತ್ತದೆ. ‘ಟಕ್’ ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಮೊದಲೇ ಹೇಳಿಬಿಡದಿದ್ದರೆ ರೋಗಿಗಳು ಗುಣವಾಗಿದ್ದೂ ಗುಣವಾಗಲಿಲ್ಲವೆಂದು ಕೊರಗುತ್ತಾರೆ, ಇನ್ನೊಬ್ಬ ವೈದ್ಯರನ್ನು ಹುಡುಕಿ ಹೊರಡುತ್ತಾರೆ. ಅಪಾಯ ಇರುವುದು ಆ ಹುಡುಕಾಟದಲ್ಲಿ.

ಈ ಅಪಾಯಕ್ಕೆ ಹಳೆಯ ಇತಿಹಾಸವಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಹನ್ನೊಂದು ರೋಗಿಗಳನ್ನು ಆಧರಿಸಿ ಒಂದು ಲೇಖನ ಪ್ರಕಟಿಸಿದರು. ಹಿಂದಿನ ಹಲ್ಲುಗಳು ಬಿದ್ದುಹೋಗಿ ದವಡೆ ಮೇಲೇರಿ ಕೂತಾಗ ಅದು ಕಿವಿಯ ಬಳಿಯ ನರ ಮತ್ತು ನಾಳವನ್ನು ಒತ್ತುತ್ತದೆ, ಹಲ್ಲುಗಳ ಎತ್ತರ ಏರಿಸಿದರೆ ಕಿವಿನೋವು, ತಲೆನೋವು ಹೋಗುತ್ತದೆ ಎಂಬುದು ಅವರ ವಾದ. ಅಂಗರಚನೆ ಬಲ್ಲವರು ಮುಂದೆ ಆ ವಿವರಣೆಯನ್ನು ತಳ್ಳಿಹಾಕಿದರು. ಆದರೆ ದೋಷ ಹಲ್ಲುಗಳ ಜೋಡಣೆಯಲ್ಲೇ ಇದೆ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. ನೋವು ಹೋಗಲೆಂದು ಎಷ್ಟೋ ಜನರ ಆರೋಗ್ಯವಾದ ಹಲ್ಲುಗಳನ್ನು ಉಜ್ಜಿ ತಗ್ಗಿಸಿದರು, ಸಾಲು ಸಾಲು ಹಲ್ಲಿಗೆ ಕ್ಯಾಪ್ ಹಾಕಿದರು. ಇನ್ನೂ ಮುಂದೆ ಹೋಗಿ, 1980ರ ದಶಕದಲ್ಲಿ ಬಿಲ್ಲೆಯನ್ನೇ ತೆಗೆದು ಅದರ ಜಾಗದಲ್ಲಿ ಟೆಫ್ಲಾನ್ ಲೇಪದ ಕೃತಕ ಬಿಲ್ಲೆ ಇಟ್ಟರು. ಅಗಿಯುವ ಭಾರಕ್ಕೆ ಅದು ಪುಡಿಯಾಗಿ, ಆ ಕಣಗಳಿಗೆ ದೇಹ ಕೆರಳಿ ಸುತ್ತಲಿನ ಮೂಳೆಯೇ ಕರಗಿತು. 1990ರ ದಶಕದ ಆರಂಭದಲ್ಲಿ ಅಮೆರಿಕ ಸರ್ಕಾರ ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ಶಾಖ, ಮೆತ್ತನೆಯ ಊಟ ಮತ್ತು ಹೊಸ ಅಭ್ಯಾಸದಿಂದ ಇಳಿಯಬಹುದಾಗಿದ್ದ ನೋವಿಗೆ ಆ ರೋಗಿಗಳು ಮುಖದ ಮೂಳೆಯನ್ನೇ ಬೆಲೆಯಾಗಿ ತೆತ್ತರು.

2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಮಾರ್ಗಸೂಚಿ, ಮೂರು ತಿಂಗಳು ಮೀರಿದ ದವಡೆ ನೋವಿಗೆ ಯಾವುದು ಕೆಲಸ ಮಾಡುತ್ತದೆ ಎಂದು ಒರೆಗೆ ಹಚ್ಚಿತು. ದವಡೆಯ ವ್ಯಾಯಾಮ, ತರಬೇತಾದ ಕೈಗಳಿಂದ ಸ್ನಾಯು ಮತ್ತು ಕೀಲಿನ ಆರೈಕೆ, ನೋವಿನ ಬಗೆಗಿನ ಯೋಚನೆ ಮತ್ತು ಅಭ್ಯಾಸ ಬದಲಿಸುವ ಆಪ್ತಸಮಾಲೋಚನೆ ಇವುಗಳ ಪರವಾಗಿ ಅದು ಗಟ್ಟಿಯಾಗಿ ನಿಂತಿತು. ಹಲ್ಲುಗಳ ಜೋಡಣೆಯನ್ನು ಕಾಯಂ ಆಗಿ ಬದಲಿಸಿಬಿಡುವ ಸಾಧನಗಳು ಮತ್ತು ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡವೆಂದು ಅಷ್ಟೇ ಗಟ್ಟಿಯಾಗಿ ಹೇಳಿತು. ದೊಡ್ಡ ಊರುಗಳಲ್ಲಿ ಈಗ ಜೋರಾಗಿರುವ ಬೊಟಾಕ್ಸ್ ಚುಚ್ಚುಮದ್ದಿನ ಬಗ್ಗೆಯೂ ಅದರ ಒಲವು ಬೇಡವೆಂಬ ಕಡೆಗೇ.

ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ವಿಷಯದಲ್ಲಿ ತುಸು ವಿವೇಚನೆ ಬೇಕು. ಹಲ್ಲಿನ ಅಚ್ಚು ತೆಗೆದು ಮಾಡುವ ಈ ಗಟ್ಟಿ ಅಕ್ರಿಲಿಕ್ ತಟ್ಟೆ ಹಲ್ಲು ಸವೆಯದಂತೆ ಕಾಯುತ್ತದೆ. ಕಡಿತವನ್ನು ಅದು ನಿಲ್ಲಿಸುವುದಿಲ್ಲ, ನೋವು ಕಳೆಯುತ್ತದೆ ಎಂಬುದಕ್ಕೂ ಪುರಾವೆ ದುರ್ಬಲ, ಮೇಲೆ ಹೇಳಿದ ಮಾರ್ಗಸೂಚಿಯೂ ಅದನ್ನು ನೋವಿಗೆಂದು ಶಿಫಾರಸು ಮಾಡಲಿಲ್ಲ. ನಿದ್ದೆಯಲ್ಲಿ ಕಟಕಟ ಕಡಿದು ಹಲ್ಲಿನ ತುದಿ ಸವೆದಿರುವವರಿಗೆ ಅದು ಬೇಕಾಗಬಹುದು. ಹಾಕಿಸುವುದಾದರೆ ಇಡೀ ಸಾಲನ್ನು ಮುಚ್ಚುವಂಥದ್ದೇ ಆಗಬೇಕು, ರಾತ್ರಿ ಮಾತ್ರ ಹಾಕಬೇಕು. ಮುಂದಿನ ನಾಲ್ಕೈದು ಹಲ್ಲುಗಳನ್ನಷ್ಟೇ ಮುಚ್ಚುವ ಸಾಧನವನ್ನು ಬಹುಕಾಲ ಹಾಕಿದರೆ ಉಳಿದ ಹಲ್ಲುಗಳು ಜರುಗಿ ಕಚ್ಚುವ ರೀತಿಯೇ ಬದಲಾಗಬಹುದು. ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರುಗಟ್ಟಿದಂತೆ ಎಚ್ಚರವಾಗುವವರು ಅದನ್ನು ವೈದ್ಯರಿಗೆ ಮೊದಲು ಹೇಳಬೇಕು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಲ್ಲು ಕಡಿಸಬಲ್ಲವು. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸುವುದು ಸಲ್ಲ, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ಮನೆಮದ್ದಿಗೆ ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ವರ್ಷಗಳಿಂದ ಇದ್ದ ‘ಟಕ್’ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತು, ಅದೇ ಹೊತ್ತಿಗೆ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಿದ್ದರೆ ಬಿಲ್ಲೆ ಅಡ್ಡ ಸಿಕ್ಕಿಕೊಂಡಿದೆ ಎಂದರ್ಥ. ಕೆಲವು ದಿನಗಳೊಳಗೆ ತೋರಿಸಿದರೆ ಬಿಡಿಸುವುದು ಸುಲಭ. ಆಕಳಿಸಿದ ಬಾಯಿ ಮುಚ್ಚಲು ಬಾರದಿದ್ದರೆ ಕೀಲು ಜಾರಿದೆ, ನೇರ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಒತ್ತಿ ಕೂರಿಸುವ ಸಾಹಸ ಬೇಡ. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ಸೋತು, ಜೊತೆಗೆ ಕಣತಲೆಯಲ್ಲಿ ಹೊಸದಾಗಿ ತಲೆನೋವು, ತಲೆ ಬಾಚುವಾಗ ನೋವು, ಕಣ್ಣು ಮಂಜಾಗುವುದು ಕಾಣಿಸಿಕೊಂಡರೆ ಅದು ರಕ್ತನಾಳದ ಉರಿಯೂತವಿರಬಹುದು, ತಡಮಾಡಿದರೆ ದೃಷ್ಟಿಯೇ ಹೋಗಬಹುದು. ಮೆಟ್ಟಿಲು ಹತ್ತುವಾಗ ಎದೆ ಬಿಗಿದು ಎಡದವಡೆಗೆ ನೋವು ಹರಿಯುತ್ತಿದ್ದರೆ ತೋರಿಸಬೇಕಾದದ್ದು ಹೃದಯವನ್ನು.

ಕರ್ನಾಟಕದಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ. ಅಡಿಕೆ, ಗುಟ್ಕಾ ಅಗಿಯುವವರ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬಂದರೆ ಅದನ್ನು ದವಡೆಯ ಕೀಲಿನ ತಲೆಗೆ ಕಟ್ಟಬಾರದು. ಖಾರ ತಾಗಿದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುವುದು, ಬೆರಳಿಟ್ಟರೆ ಒಳಗೆ ನಾರಿನ ಪಟ್ಟಿಗಳು ಸಿಗುವುದು ಬಾಯಿಯ ನಾರುಗಟ್ಟುವ ರೋಗದ ಲಕ್ಷಣ. ಅದು ನೋವಿಲ್ಲದೆ ನಿಧಾನವಾಗಿ ಬಿಗಿಯುತ್ತದೆ, ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯೂ ಇದೆ. ಶಾಖ, ವ್ಯಾಯಾಮಗಳಿಂದ ಅದು ಬಗೆಹರಿಯುವುದಿಲ್ಲ, ಅಡಿಕೆ ಬಿಡಲೇಬೇಕು, ಬಾಯಿಯನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು.

ಉಳಿದವರು ಮನೆಯ ಆರೈಕೆಯನ್ನು ನಾಲ್ಕೈದು ವಾರ ನಿಯಮವಾಗಿ ಮಾಡಿಯೂ ನೋವು ಜಗ್ಗದಿದ್ದರೆ ದಂತವೈದ್ಯಕೀಯ ಕಾಲೇಜುಗಳಲ್ಲಿರುವ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಬಹುದು, ಈ ನೋವನ್ನು ಬಿಡಿಸಿ ನೋಡುವುದು ಅವರ ಕೆಲಸವೇ. ಹೋಗುವ ಮುನ್ನ ಒಂದು ವಾರದ ಟಿಪ್ಪಣಿ ಕೈಯಲ್ಲಿದ್ದರೆ ಬಹಳ ಉಪಯೋಗ: ನೋವು ಬೆಳಿಗ್ಗೆಯೋ ಸಂಜೆಯೋ, ಯಾವ ತಿನಿಸಿಗೆ ಹೆಚ್ಚುತ್ತದೆ, ಎಷ್ಟು ಬೆರಳು ಬಾಯಿಗೆ ಹಿಡಿಸುತ್ತವೆ, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ, ಸ್ಟಿಕರ್ ನೋಡಿದಾಗ ಹಲ್ಲು ಎಷ್ಟು ಸಲ ಕೂಡಿತ್ತು. ಮೊದಲ ಭೇಟಿಯಲ್ಲೇ ಯಾರಾದರೂ ಹಲ್ಲು ಉಜ್ಜಬೇಕು, ಕ್ಯಾಪ್ ಹಾಕಬೇಕು, ಕೀಲಿಗೆ ಆಪರೇಷನ್ ಆಗಬೇಕು ಎಂದರೆ, ದುಡ್ಡು ಕಟ್ಟುವ ಮೊದಲು ಇನ್ನೊಬ್ಬರ ಅಭಿಪ್ರಾಯ ಕೇಳಿಕೊಂಡು ಬರಬೇಕು.